ಬೆನ್ನುಹುರಿಗೆ ಪೆಟ್ಟಾದವರ ಬಿಪಿ ದಿಢೀರ್ ಏರಿತೇ? ಮಲಗಿಸಬೇಡಿ, ಕೂರಿಸಿ, ಯೂರಿನ್ ಬ್ಯಾಗ್ ನೋಡಿ

'ಬಿಪಿ ಏರಿದರೆ ತಕ್ಷಣ ಮಲಗಿಸಿ, ಕಾಲಿನ ಕೆಳಗೆ ದಿಂಬು ಇಡಿ.' ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುವ ಈ ಬಗೆಯ ಸಲಹೆಯಿಂದ ಬಹಳ ಮಂದಿಗೆ ದೊಡ್ಡ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ಆದರೆ ಒಂದು ಗುಂಪಿನವರಿಗೆ ಇದು ಪ್ರಾಣಕ್ಕೇ ಕುತ್ತು ತರಬಹುದು. ಎದೆಯ ಮಟ್ಟದಲ್ಲಿ ಅಥವಾ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಅದರ ಕೆಳಗಿನ ಸ್ಪರ್ಶ ಮತ್ತು ಚಲನೆ ಕಳೆದುಕೊಂಡವರು ಇವರು. ಇವರಿಗೆ ಬಿಪಿ ಇದ್ದಕ್ಕಿದ್ದಂತೆ ಏರಿದರೆ ಮಾಡಬೇಕಾದದ್ದು ಇದರ ತದ್ವಿರುದ್ಧ. ಎಬ್ಬಿಸಿ ಕೂರಿಸಬೇಕು, ಕಾಲು ಇಳಿಬಿಡಬೇಕು, ಕೂಡಲೇ ಮೂತ್ರದ ನಳಿಕೆಯತ್ತ ನೋಡಬೇಕು.

ಬಿಪಿಗೂ ಮೂತ್ರದ ನಳಿಕೆಗೂ ಏನು ಸಂಬಂಧ ಎಂದು ಅನ್ನಿಸುವುದು ಸಹಜ. ಆ ಸಂಬಂಧ ಅರ್ಥವಾದರೆ ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವ ಶುಶ್ರೂಷೆಯ ಯೋಜನೆ ಬಹುಪಾಲು ಅರ್ಥವಾದಂತೆ. ಮೂತ್ರಕೋಶ, ಚರ್ಮ, ಬಿಪಿ ಇವು ಮೂರು ಬೇರೆಬೇರೆ ಕೆಲಸಗಳಲ್ಲ, ಒಂದೇ ಸರಪಳಿಯ ಕೊಂಡಿಗಳು.

ಕೆಳಗೆ ಗಂಟೆ ಬಾರಿಸುತ್ತದೆ, ಮೇಲೆ ಕೇಳಿಸುವುದಿಲ್ಲ

ನಮ್ಮ ಮೂತ್ರಕೋಶ ತುಂಬಿದಾಗ ನಮಗೆ ಗೊತ್ತಾಗುತ್ತದೆ, ಎದ್ದು ಹೋಗುತ್ತೇವೆ. ಬೆನ್ನುಹುರಿ ತುಂಡಾದವರಲ್ಲಿ ಆ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಆದರೆ ಪೆಟ್ಟಾದ ಜಾಗದ ಕೆಳಗಿನ ಬೆನ್ನುಹುರಿ ಸತ್ತಿರುವುದಿಲ್ಲ. ಸುದ್ದಿ ಅಲ್ಲಿಗೆ ಬಂದು ಮುಟ್ಟುತ್ತದೆ, ಅದು ತನ್ನಷ್ಟಕ್ಕೆ ತಾನೇ ಪ್ರತಿಕ್ರಿಯಿಸಿ ಹೊಟ್ಟೆ, ಕರುಳು ಮತ್ತು ಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೊಟ್ಟೆಯ ಒಳಗಿನ ರಕ್ತನಾಳಗಳ ಜಾಲ ಬಹಳ ದೊಡ್ಡದು. ಅದು ಒಮ್ಮೆಲೇ ಬಿಗಿದರೆ ರಕ್ತವೆಲ್ಲ ಮೇಲಕ್ಕೆ ನುಗ್ಗಿ ಬಿಪಿ ಗಗನಕ್ಕೇರುತ್ತದೆ.

ಮಿದುಳಿಗೆ ಬಿಪಿ ಏರಿದ್ದು ಕುತ್ತಿಗೆಯ ರಕ್ತನಾಳಗಳ ಮೂಲಕ ತಿಳಿಯುತ್ತದೆ. ಅದು ಎರಡು ಆದೇಶ ಕಳಿಸುತ್ತದೆ. ಹೃದಯಕ್ಕೆ 'ನಿಧಾನ ಮಾಡು' ಎಂಬ ಆದೇಶ ಬೆನ್ನುಹುರಿಯನ್ನು ಬಿಟ್ಟು ಬೇರೆ ನರದಲ್ಲಿ ಹೋಗುವುದರಿಂದ ಮುಟ್ಟುತ್ತದೆ. ಹೊಟ್ಟೆಯ ರಕ್ತನಾಳಗಳಿಗೆ 'ಸಡಿಲವಾಗು' ಎಂಬ ಆದೇಶ ಪೆಟ್ಟಾದ ಜಾಗದಲ್ಲೇ ನಿಂತುಹೋಗುತ್ತದೆ. ಹಾಗಾಗಿ ವಿಚಿತ್ರವಾದ ಚಿತ್ರ ಕಾಣುತ್ತದೆ: ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಪೆಟ್ಟಾದ ಮಟ್ಟಕ್ಕಿಂತ ಮೇಲೆ ಧಾರಾಕಾರ ಬೆವರು, ಮೂಗು ಕಟ್ಟುವುದು, ಕಣ್ಣು ಮಂಜಾಗುವುದು, ಕೆಳಗೆ ಮಾತ್ರ ಚರ್ಮ ತಣ್ಣಗೆ, ರೋಮ ನಿಮಿರಿರುತ್ತದೆ. ಬಿಪಿ ಏರಿದ್ದರೂ ನಾಡಿ ಎಷ್ಟೋ ಸಲ ನಿಧಾನವಾಗಿರುತ್ತದೆ. ವೈದ್ಯರು ಇದನ್ನು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ನಾವು ಇಲ್ಲಿ ಎ.ಡಿ. ಎನ್ನೋಣ.

ಇದು ಮುಖ್ಯವಾಗಿ ಎದೆಭಾಗದ 6ನೇ ಮಟ್ಟ, ಅಂದರೆ ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಸಮಸ್ಯೆ. ಡಿಸ್ಚಾರ್ಜ್ ಚೀಟಿಯಲ್ಲಿ ಸಿ-5, ಟಿ-4 ಎಂದೆಲ್ಲ ಬರೆದಿರುತ್ತಾರಲ್ಲ, ಅದೇ ಮಟ್ಟ. ಸಿ ಎಂದರೆ ಕುತ್ತಿಗೆ, ಟಿ ಎಂದರೆ ಎದೆಭಾಗ. ಸೊಂಟದ ಮಟ್ಟದಲ್ಲಿ ಪೆಟ್ಟಾದವರಿಗೆ ಸಾಮಾನ್ಯವಾಗಿ ಎ.ಡಿ. ಬರುವುದಿಲ್ಲ.

ಎರಡು ವಿಷಯಗಳು ಜನರನ್ನು ಏಮಾರಿಸುತ್ತವೆ. ಒಂದು, ಪೆಟ್ಟಾದ ಮೊದಲ ವಾರಗಳಲ್ಲಿ ಬೆನ್ನುಹುರಿಯ ಕೆಳಭಾಗ ಮಂಕಾಗಿರುವುದರಿಂದ ಎ.ಡಿ. ಹೆಚ್ಚಾಗಿ ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮನೆಗೆ ಬಂದ ಮೇಲೆ, ನರ್ಸ್ ಇಲ್ಲದ ಹೊತ್ತಿನಲ್ಲಿ ಮೊದಲ ಬಾರಿ ಬರುತ್ತದೆ. ಎರಡು, ಇವರ ಮಾಮೂಲಿ ಬಿಪಿಯೇ ಕಡಿಮೆ. ಮೇಲಿನ ಅಂಕಿ 90ರಿಂದ 110ರ ಆಸುಪಾಸು ಇರುವುದು ಸಾಮಾನ್ಯ. ಮಾಮೂಲಿಗಿಂತ 20ರಿಂದ 40 ಏರಿದರೇ ಅದು ಎ.ಡಿ. ಇರಬಹುದು. ಯಾವಾಗಲೂ 95 ಇರುವವರಿಗೆ 140 ಬಂದಾಗ ಪಕ್ಕದ ಕ್ಲಿನಿಕ್‌ನಲ್ಲಿ 'ಪರವಾಗಿಲ್ಲ, ಸ್ವಲ್ಪ ಜಾಸ್ತಿ ಅಷ್ಟೇ' ಎಂದು ಕಳಿಸಿಬಿಡುವ ಸಾಧ್ಯತೆ ಇದೆ. ಸುಮ್ಮನೆ ಬಿಟ್ಟರೆ 200 ದಾಟಬಹುದು. ಫಿಟ್ಸ್, ಮಿದುಳಿನಲ್ಲಿ ರಕ್ತಸ್ರಾವ, ಸಾವು ಕೂಡ ಆಗಬಹುದು.

ಪೀಣ್ಯದ ಒಂದು ಕೋಣೆಯಲ್ಲಿ ಸಂಜೆ ಆರಕ್ಕೆ

ಇದನ್ನು ಒಂದು ಮಾದರಿ ಪ್ರಸಂಗದಿಂದ ವಿವರಿಸುತ್ತೇವೆ. ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ, ವಿವರಗಳನ್ನು ನಾವೇ ಜೋಡಿಸಿದ್ದೇವೆ. ಯಾದಗಿರಿ ಕಡೆಯಿಂದ ಬಂದ 31 ವರ್ಷದ ಪೇಂಟರ್, ವೈಟ್‌ಫೀಲ್ಡ್‌ನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್‌ನ ಸಾರುವೆಯಿಂದ ಬಿದ್ದಿದ್ದಾರೆ. ಟಿ-4 ಮಟ್ಟದಲ್ಲಿ ಪೂರ್ಣ ಪೆಟ್ಟು. ಕೈಗಳು ಗಟ್ಟಿಯಾಗಿವೆ, ಎದೆಯ ತೊಟ್ಟಿನಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಆಪರೇಷನ್ ಆಗಿ ಮೂರು ತಿಂಗಳಾಗಿದೆ. ಪೀಣ್ಯದ ವಠಾರವೊಂದರ ನೆಲಮಹಡಿಯ ಒಂದು ಕೋಣೆಯಲ್ಲಿ ವಾಸ. ಹೆಂಡತಿ ಗಾರ್ಮೆಂಟ್ ಕೆಲಸಕ್ಕೆ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮೂತ್ರಕ್ಕೆ ಸದಾ ಒಳಗೇ ಇರುವ ನಳಿಕೆ, ಅಂದರೆ ಫೋಲಿ ಕ್ಯಾಥೆಟರ್ ಹಾಕಿದ್ದಾರೆ. ಕೂತಾಗಿನ ಮಾಮೂಲಿ ಬಿಪಿ 100/60.

ಒಂದು ಸಂಜೆ ಹೆಂಡತಿ ಬರುವಷ್ಟರಲ್ಲಿ ಇವರು ವೀಲ್‌ಚೇರ್‌ನಲ್ಲಿ ತಲೆ ಹಿಡಿದುಕೊಂಡು ಕೂತಿದ್ದಾರೆ. ಮುಖವೆಲ್ಲ ಬೆವರು. ಬಿಪಿ ಯಂತ್ರದಲ್ಲಿ 168/96, ನಾಡಿ 54. ಪಕ್ಕದ ಮನೆಯವರು ಓಡಿಬಂದು 'ಮಲಗಿಸಿ ಮಲಗಿಸಿ' ಎನ್ನುತ್ತಿದ್ದಾರೆ.

ಮಲಗಿಸಬಾರದು. ಕೂತಿರುವವರು ಕೂತೇ ಇರಲಿ, ಹಾಸಿಗೆಯಲ್ಲಿದ್ದರೆ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಕಾಲನ್ನು ಕೆಳಗೆ ಇಳಿಬಿಡಬೇಕು. ಆಗ ಒಂದಿಷ್ಟು ರಕ್ತ ಕಾಲಿನ ಕಡೆ ಇಳಿದು ಬಿಪಿ ತಗ್ಗುತ್ತದೆ. ಮಲಗಿಸಿದರೆ ಅದೇ ರಕ್ತ ತಲೆಯ ಕಡೆ ಹೋಗುತ್ತದೆ. ಜೊತೆಜೊತೆಗೇ ಬಿಗಿಯಾದದ್ದನ್ನೆಲ್ಲ ಸಡಿಲಿಸಬೇಕು: ಬೆಲ್ಟ್, ಪ್ಯಾಂಟಿನ ಗುಂಡಿ, ಸೊಂಟದ ಪಟ್ಟಿ, ಶೂ, ಕಾಲಿಗೆ ಕಟ್ಟಿದ ಬ್ಯಾಗಿನ ಪಟ್ಟಿ.

ಆಮೇಲೆ ಮೂತ್ರ. ಎ.ಡಿ.ಗೆ ಅತಿ ಸಾಮಾನ್ಯ ಕಾರಣ ತುಂಬಿದ ಮೂತ್ರಕೋಶವೇ. ಹಾಗಾಗಿ ಬೇರೆಲ್ಲಕ್ಕಿಂತ ಮೊದಲು ಬ್ಯಾಗ್‌ನಿಂದ ಹಿಡಿದು ಮೈಯವರೆಗೆ ಟ್ಯೂಬಿನ ಉದ್ದಕ್ಕೂ ಕೈಯಾಡಿಸಬೇಕು. ನಮ್ಮ ಮಾದರಿಯಲ್ಲಿ ಮಧ್ಯಾಹ್ನದಿಂದ ಬ್ಯಾಗ್‌ನಲ್ಲಿ ಬಿದ್ದಿರುವುದು ಬರೀ 50 ಮಿ.ಲೀ. ಮಧ್ಯಾಹ್ನ ಹಾಸಿಗೆಯಿಂದ ವೀಲ್‌ಚೇರ್‌ಗೆ ಬಂದಾಗ ಟ್ಯೂಬು ತೊಡೆಯ ಕೆಳಗೆ ಸಿಕ್ಕಿಕೊಂಡಿದೆ, ಅವರಿಗೆ ಅದು ತಿಳಿದಿಲ್ಲ. ತೊಡೆ ಎತ್ತಿ ಬಿಡಿಸಿದ ಕೂಡಲೇ ಮೂತ್ರ ಹರಿಯತೊಡಗಿ 600 ಮಿ.ಲೀ. ಬೀಳುತ್ತದೆ. ಹತ್ತು ನಿಮಿಷದಲ್ಲಿ ಬಿಪಿ 118ಕ್ಕೆ ಇಳಿಯುತ್ತದೆ. ಮಾತ್ರೆ ಬೇಕಾಗಲಿಲ್ಲ. ಇಷ್ಟರ ನಡುವೆ 2ರಿಂದ 5 ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಬೇಕು. ಕಾರಣ ಹೋದ ಕೂಡಲೇ ಬಿಪಿ ತೀರಾ ಕುಸಿಯಲೂಬಹುದು. ಹಾಗೆ ಕುಸಿದು ತಲೆ ಸುತ್ತಿದರೆ ಆಗ ಮಲಗಿಸುವುದು ಸರಿ. ತಲೆನೋವು ನಿಂತರೂ ಮುಂದಿನ ಎರಡು ಗಂಟೆ ಕಣ್ಣಿಟ್ಟಿರಬೇಕು, ಮತ್ತೆ ಏರುವುದುಂಟು.

ಟ್ಯೂಬು ಮಡಚಿಲ್ಲ, ಆದರೂ ಮೂತ್ರ ಬರುತ್ತಿಲ್ಲ ಎಂದರೆ ಕ್ಯಾಥೆಟರ್ ಒಳಗೆ ಕಟ್ಟಿಕೊಂಡಿರಬಹುದು. ಕಲಿತವರು 10ರಿಂದ 15 ಮಿ.ಲೀ. ಮೈಬಿಸಿಯ ಸಲೈನ್‌ನಿಂದ ಮೆಲ್ಲಗೆ ತೊಳೆಯುತ್ತಾರೆ, ಆಗಲೂ ಹರಿಯದಿದ್ದರೆ ಕ್ಯಾಥೆಟರ್ ಬದಲಿಸುತ್ತಾರೆ. ಹೊಟ್ಟೆಯನ್ನು ಒತ್ತಿ ಮೂತ್ರ ಹೊರಡಿಸಲು ಹೋಗಲೇಬಾರದು, ಅದರಿಂದ ಬಿಪಿ ಇನ್ನಷ್ಟು ಏರುತ್ತದೆ. ಮೂತ್ರ ಸರಿಯಾಗಿ ಹರಿಯುತ್ತಿದ್ದೂ ಬಿಪಿ ಇಳಿಯದಿದ್ದರೆ ಮುಂದಿನ ಅನುಮಾನ ಗುದದಲ್ಲಿ ಗಟ್ಟಿಯಾಗಿ ನಿಂತ ಮಲ. ಆಮೇಲೆ ಚರ್ಮ: ಹುಣ್ಣು, ಸುಟ್ಟ ಗಾಯ, ಒಳಗೆ ಬೆಳೆದ ಕಾಲುಗುರು, ಬಟ್ಟೆಯ ಮಡಿಕೆ, ಜೇಬಿನಲ್ಲಿ ಉಳಿದ ನಾಣ್ಯ ಕೂಡ. ಆದರೆ ಬಿಪಿ 150 ದಾಟಿ ಇಳಿಯದೆ ನಿಂತಿದ್ದರೆ ಮನೆಯಲ್ಲಿ ಹುಡುಕುತ್ತಾ ಕೂರುವುದು ಬೇಡ, 108ಕ್ಕೆ ಕರೆ ಮಾಡಬೇಕು. ಆಂಬ್ಯುಲೆನ್ಸ್‌ನಲ್ಲೂ ಕೂರಿಸಿಯೇ ಕರೆದೊಯ್ಯುವಂತೆ ಹೇಳಬೇಕು.

ಬಿಪಿ ಮಾತ್ರೆಯ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ. ಇಲ್ಲಿ ಬೇಕಾಗುವುದು ಬೇಗ ಕೆಲಸ ಮಾಡಿ ಬೇಗ ಇಳಿಯುವ ಔಷಧ, ಅದನ್ನು ವೈದ್ಯರು ಮೊದಲೇ ಬರೆದುಕೊಟ್ಟಿರಬೇಕು. ಮನೆಯ ಹಿರಿಯರ ದಿನನಿತ್ಯದ ಬಿಪಿ ಮಾತ್ರೆ ಕೊಟ್ಟರೆ ಅದು ಕೆಲಸ ಶುರುಮಾಡುವ ಹೊತ್ತಿಗೆ ಟ್ಯೂಬು ಬಿಡಿಸಿ ಆಗಿರುತ್ತದೆ. ಬಳಿಕ ಬಿಪಿ ಪಾತಾಳಕ್ಕೆ. ಇನ್ನೊಂದು ಮಾತು, ನಾಚಿಕೆಯಿಂದ ಎಷ್ಟೋ ಜನ ಹೇಳದೇ ಇರುವುದು: ಸಿಲ್ಡೆನಾಫಿಲ್ ಅಥವಾ ವಯಾಗ್ರ ಬಗೆಯ ಮಾತ್ರೆ ಕಳೆದ ಒಂದೆರಡು ದಿನದಲ್ಲಿ ತೆಗೆದುಕೊಂಡಿದ್ದರೆ ವೈದ್ಯರಿಗೆ ಹೇಳಲೇಬೇಕು. ಎ.ಡಿ.ಗೆ ಬಳಸುವ ನೈಟ್ರೇಟ್ ಔಷಧ ಅದರೊಂದಿಗೆ ಸೇರಿದರೆ ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ.

ಮೂತ್ರಕೋಶಕ್ಕೊಂದು ಟೈಮ್‌ಟೇಬಲ್

ಮೂತ್ರಕೋಶ ತುಂಬಿ ಉಬ್ಬಲು ಬಿಡದಿರುವುದೇ ಎ.ಡಿ. ತಡೆಯುವ ಮುಖ್ಯ ದಾರಿ. ಕೈಗಳು ಚೆನ್ನಾಗಿರುವವರಿಗೆ ಸಾಮಾನ್ಯವಾಗಿ ಸೂಚಿಸುವ ಕ್ರಮ ಸಿ.ಐ.ಸಿ. ಇದರಲ್ಲಿ ನಳಿಕೆ ಸದಾ ಒಳಗಿರುವುದಿಲ್ಲ. 4ರಿಂದ 6 ಗಂಟೆಗೊಮ್ಮೆ ತಾವೇ ಹಾಕಿ, ಖಾಲಿ ಮಾಡಿ, ತೆಗೆಯುತ್ತಾರೆ. ಅಮೆರಿಕದ ಮಿಷಿಗನ್‌ನ ವೈದ್ಯ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಇದನ್ನು ಪ್ರಕಟಿಸಿದಾಗ ಹಲವರಿಗೆ ನಂಬಿಕೆ ಬರಲಿಲ್ಲ. ಆಪರೇಷನ್ ಥಿಯೇಟರ್ ಮಟ್ಟದ ಶುಚಿ ಇಲ್ಲದೆ, ಬರೀ ಸೋಪಿನಲ್ಲಿ ತೊಳೆದ ಕೈಯಿಂದ ನಳಿಕೆ ಹಾಕುವುದೇ ಎಂಬ ಪ್ರಶ್ನೆ. ಅವರ ವಾದ ಸರಳ: ಸೋಂಕಿಗೆ ದೊಡ್ಡ ಕಾರಣ ಒಳಗೆ ಹೋಗುವ ಒಂದಿಷ್ಟು ರೋಗಾಣುವಲ್ಲ, ಮೂತ್ರ ನಿಂತು ಮೂತ್ರಕೋಶ ಉಬ್ಬುವುದು. ಉಬ್ಬಿದ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರೋಗಾಣುವನ್ನು ಎದುರಿಸುವ ಶಕ್ತಿ ಅದಕ್ಕಿರುವುದಿಲ್ಲ.

ನಮ್ಮ ಪೀಣ್ಯದ ಪೇಂಟರ್ ಸಿ.ಐ.ಸಿ. ಕಲಿತರು ಎನ್ನೋಣ. ದಿನಕ್ಕೆ ಐದು ಸಲ: ಬೆಳಿಗ್ಗೆ 6, 11, ಮಧ್ಯಾಹ್ನ 3.30, ಸಂಜೆ 7.30, ರಾತ್ರಿ 11. ಅಳತೆಯ ಜಗ್‌ಗೆ ಮೂತ್ರ ಬಿಟ್ಟು ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಪ್ರತಿ ಸಲ 500 ಮಿ.ಲೀ. ಒಳಗೆ ಇರಬೇಕು ಎಂಬುದು ಗುರಿ. 11 ಗಂಟೆಗೆ 420 ಬಂದರೆ ಸರಿಯಾಗಿದೆ. 3.30ಕ್ಕೆ ಮೂರು ದಿನ ಸತತ 620 ಬಂದರೆ ಆ ಹೊತ್ತನ್ನು 2.30ಕ್ಕೆ ತರಬೇಕು, ಅಥವಾ ಊಟದ ಜೊತೆ ಒಮ್ಮೆಲೇ ಒಂದು ಲೀಟರ್ ಕುಡಿಯುತ್ತಿದ್ದರೆ ಅದನ್ನು ಹಂಚಿಕೊಳ್ಳಬೇಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ, ಸಮನಾಗಿ ಹಂಚಿ ಕುಡಿಯಬೇಕು. ರಾತ್ರಿ ಎಂಟರ ಮೇಲೆ ಕಡಿಮೆ ಮಾಡಿದರೆ ಏಳು ಗಂಟೆ ನಿದ್ದೆ ಮಾಡಬಹುದು.

ನೀರನ್ನೇ ಕಡಿಮೆ ಕುಡಿದರೆ ಈ ತಾಪತ್ರಯ ಇರುವುದಿಲ್ಲವಲ್ಲ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡ್ ದಾಟಿ ಕ್ಯಾಬ್‌ನಲ್ಲಿ ಮನೆಗೆ ಹೋಗುವ ವೀಲ್‌ಚೇರ್ ಉದ್ಯೋಗಿಗೆ ಇದು ಇನ್ನೂ ಹೆಚ್ಚು. ಆದರೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು, ಕಟ್ಟಿಕೊಳ್ಳುವ ಕ್ಯಾಥೆಟರ್ ಒಂದರ ಹಿಂದೆ ಒಂದು ಬರುತ್ತವೆ. ಟ್ರಾಫಿಕ್‌ಗೆ ಮದ್ದು ನೀರು ಬಿಡುವುದಲ್ಲ, ಆಫೀಸ್ ಬಿಡುವ ಮೊದಲೇ ಒಮ್ಮೆ ಖಾಲಿ ಮಾಡಿಕೊಂಡು ಹೊರಡುವುದು.

ಫೋಲಿ ಹಾಕಿಕೊಂಡವರಲ್ಲಿ ಇನ್ನೊಂದು ರೂಢಿಯಿದೆ. 'ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸುತ್ತೇವೆ' ಎಂದು ಟ್ಯೂಬಿಗೆ ಕ್ಲಿಪ್ ಹಾಕಿ ಮೂರ್ನಾಲ್ಕು ಗಂಟೆ ಮುಚ್ಚಿಡುವುದು. ಟಿ-6 ಅಥವಾ ಅದರ ಮೇಲೆ ಪೆಟ್ಟಾದವರಲ್ಲಿ ಇದು ಎ.ಡಿ.ಯನ್ನು ನಾವೇ ಕರೆದಂತೆ. ಪೂರ್ಣ ಪೆಟ್ಟಾಗಿದ್ದರೆ ಈ ಅಭ್ಯಾಸದಿಂದ ಮೂತ್ರಕೋಶ ಮತ್ತೆ ಮಿದುಳಿನ ಮಾತು ಕೇಳುವುದೂ ಇಲ್ಲ. ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಲಿ. ಆಟೋದಲ್ಲಿ ಕೂರಿಸುವಾಗ ಬ್ಯಾಗನ್ನು ಮಡಿಲ ಮೇಲೆ ಇಡುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಮೂತ್ರ ಹಿಂದಕ್ಕೆ ಹರಿಯುತ್ತದೆ.

ಮೂತ್ರ ಪರೀಕ್ಷೆಯಲ್ಲಿ ರೋಗಾಣು ಕಂಡಿತೆಂದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಡ. ಕ್ಯಾಥೆಟರ್ ಬಳಸುವವರಲ್ಲಿ ರೋಗಾಣು ಇದ್ದೇ ಇರುತ್ತದೆ. ಜ್ವರ, ಚಳಿ, ಕಾಲುಗಳ ಸೆಳೆತ ಏಕಾಏಕಿ ಹೆಚ್ಚುವುದು, ಎ.ಡಿ. ಪದೇಪದೇ ಬರುವುದು, ಇಂಥದ್ದರ ಜೊತೆ ಮೂತ್ರ ಕದಡಿ ವಾಸನೆ ಬಂದರೆ ಅದು ಸೋಂಕಿನ ಲಕ್ಷಣ.

ಎರಡು ನಿಮಿಷ ಎನ್ನುವುದಕ್ಕೆ ಅರ್ಥವಿದೆ

ಕೂತು ನೋವಾದರೆ ನಾವು ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ನೋವೇ ತಿಳಿಯದಿದ್ದರೆ ಮೂಳೆ ಮತ್ತು ಸೀಟಿನ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ನಿಂತು ಅದು ಒಳಗಿನಿಂದಲೇ ಸಾಯುತ್ತದೆ. ಹೊರಗೆ ಕಾಣುವ ಚಿಕ್ಕ ಕಪ್ಪು ಚುಕ್ಕೆಯ ಕೆಳಗೆ ಮೂಳೆಯವರೆಗೆ ಕುಳಿ ಇರಬಹುದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹೆಚ್ಚಿನವರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಮುಖ್ಯವಾಗಿ ಈ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಘಟಕ ತೆರೆದ ಡಾ. ಲುಡ್ವಿಗ್ ಗುಟ್‌ಮನ್ ಹಗಲುರಾತ್ರಿ ಎರಡು ಗಂಟೆಗೊಮ್ಮೆ ರೋಗಿಗಳನ್ನು ಹೊರಳಿಸುವ ಶಿಸ್ತು ತಂದರು. ಬದಲಾವಣೆ ಆರಂಭವಾದದ್ದು ಅಂಥ ಸರಳ ಕೆಲಸದಿಂದ.

ಮಲಗಿದಾಗ ಎರಡು ಗಂಟೆಗೊಮ್ಮೆ ಹೊರಳಿಸುವುದು ಇಂದಿಗೂ ಆರಂಭದ ಲೆಕ್ಕ. ಚರ್ಮ ಚೆನ್ನಾಗಿದ್ದರೆ, ಹಾಸಿಗೆ ಒಳ್ಳೆಯದಿದ್ದರೆ ತಂಡದ ಸಲಹೆಯಂತೆ ಅಂತರ ಹೆಚ್ಚಿಸಬಹುದು. ಪೂರ್ತಿ ಮಗ್ಗುಲಿಗೆ ತಿರುಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಅರೆವಾಲಿಸಿ ಮಲಗಿಸುತ್ತಾರೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇರಲಿ. ಗಾಳಿ ತುಂಬಿ ಇಳಿಸುವ ಏರ್ ಬೆಡ್ ಕೊಂಡವರು 'ಇನ್ನು ಹೊರಳಿಸುವ ಕೆಲಸವಿಲ್ಲ' ಎಂದುಕೊಳ್ಳುತ್ತಾರೆ. ಅದು ಸಹಾಯ ಮಾತ್ರ. ಕರೆಂಟ್ ಹೋಗಿ ಗಾಳಿ ಇಳಿದ ರಾತ್ರಿ ಅದು ಬರೀ ಪ್ಲಾಸ್ಟಿಕ್ ಹಾಳೆ.

ವೀಲ್‌ಚೇರ್‌ನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಇಳಿಸಬೇಕು. ಬಹಳ ಮಂದಿ ಕೈಯೂರಿ ಮೈ ಎತ್ತಿ, ಹತ್ತು ಎಣಿಸಿ ಕೂರುತ್ತಾರೆ. ಅದು ಸಾಲದು. ಒತ್ತಿಹೋದ ಮಾಂಸಕ್ಕೆ ರಕ್ತ ಮರಳಿ ತುಂಬಲು ಸುಮಾರು ಎರಡು ನಿಮಿಷ ಬೇಕು, ಅಷ್ಟು ಹೊತ್ತು ತೋಳಿನ ಮೇಲೆ ನಿಲ್ಲಲು ಯಾರಿಗೂ ಆಗುವುದಿಲ್ಲ. ಭುಜವೂ ಹಾಳಾಗುತ್ತದೆ. ಮುಂದಕ್ಕೆ ಬಾಗಿ ಎದೆಯನ್ನು ತೊಡೆಗೆ ತಂದು, ಅಥವಾ ಮೇಜಿನ ಮೇಲೆ ಒರಗಿ ಎರಡು ನಿಮಿಷ ಇದ್ದರೆ ಕೆಲಸ ಆಗುತ್ತದೆ. ಬೆನ್ನಿನ ಆಪರೇಷನ್ ಹೊಸದಾಗಿದ್ದರೆ ಬಾಗುವ ಮುಂಚೆ ಸರ್ಜನ್ ಒಪ್ಪಿಗೆ ಬೇಕು. ಫೋನಿನಲ್ಲಿ ಅಲಾರಂ ಇಡಿ, ಹೇಗೂ ಕೈಯಲ್ಲೇ ಇರುತ್ತದೆ.

ಬೆಳಿಗ್ಗೆ ಮತ್ತು ರಾತ್ರಿ ಚರ್ಮ ನೋಡಬೇಕು. ಬೆನ್ನಿನ ಕೆಳಭಾಗ, ಕುಂಡಿ, ಸೊಂಟದ ಪಕ್ಕ, ಹಿಮ್ಮಡಿ ಇವನ್ನು ಫೋನ್ ಕ್ಯಾಮೆರಾದಲ್ಲಿ ತಾವೇ ನೋಡಿಕೊಳ್ಳಬಹುದು. ಪುಸ್ತಕಗಳು 'ಕೆಂಪಾಗಿದೆಯೇ ನೋಡಿ' ಎನ್ನುತ್ತವೆ, ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಕಪ್ಪಾದ ಅಥವಾ ನೇರಳೆಯಾದ, ಮುಟ್ಟಿದರೆ ಬಿಸಿಯಾದ ಅಥವಾ ಗಟ್ಟಿಯಾದ ಜಾಗ ಹುಡುಕಬೇಕು. ಅಂಥದ್ದು ಸಿಕ್ಕರೆ ಆ ಜಾಗದ ಮೇಲೆ ಭಾರ ಪೂರ್ತಿ ನಿಲ್ಲಿಸಿ, ಮಾಮೂಲಿಯಾಗುವವರೆಗೆ. ಎಣ್ಣೆ ಹಾಕಿ ತಿಕ್ಕಬೇಡಿ, ಒಳಗೆ ಸೋತ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಟ್ಯೂಬಿನಂಥ ಗಾಳಿ ದಿಂಬು ಬೇಡ, ಅದರ ಅಂಚು ಸುತ್ತಲಿನ ರಕ್ತವನ್ನು ತಡೆಯುತ್ತದೆ. ಚಳಿಗೆಂದು ಬಿಸಿನೀರಿನ ಚೀಲ ಕಾಲಿಗೆ ಇಡುವುದಂತೂ ಬೇಡವೇ ಬೇಡ, ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ಆ ಬೊಬ್ಬೆಯೇ, ಆ ಹುಣ್ಣೇ ನಾಳೆ ಎ.ಡಿ.ಗೆ ಕಾರಣವಾಗುತ್ತದೆ.

ಕಲಿಯುವುದೆಲ್ಲಿ, ಜೇಬಿನಲ್ಲಿ ಏನಿರಬೇಕು

ಕ್ಯಾಥೆಟರ್ ಹಾಕುವುದನ್ನು ಲೇಖನ ಓದಿಯೋ ವಿಡಿಯೊ ನೋಡಿಯೋ ಕಲಿಯಬಾರದು, ಎದುರಿಗೇ ಕಲಿಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗವಿದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಪುನರ್ವಸತಿ ವೈದ್ಯರಿದ್ದಾರೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ, ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯಲ್ಲಿ ಕೆಲಸ ಮಾಡುತ್ತಿದೆ. ಡಿಸ್ಚಾರ್ಜ್‌ಗೆ ಮುಂಚೆ ಮನೆಯ ಒಬ್ಬರಾದರೂ ವಾರ್ಡ್ ನರ್ಸ್ ಎದುರು ತಾವೇ ಕೈಯಿಂದ ಮಾಡಿ ತೋರಿಸಿದ ಮೇಲೆಯೇ ಮನೆಗೆ ಹೊರಡಿ ಎಂಬುದು ನಮ್ಮ ಒತ್ತಾಯ.

ತುರ್ತು ಹೊತ್ತಿನಲ್ಲಿ ಹತ್ತಿರದ ಆಸ್ಪತ್ರೆಯ ಡ್ಯೂಟಿ ವೈದ್ಯರು ಎ.ಡಿ.ಯನ್ನು ಹಿಂದೆ ಕಂಡೇ ಇಲ್ಲದಿರಬಹುದು. ಅದಕ್ಕೆ ಒಂದು ಚೀಟಿಯನ್ನು ಬರೆದು ಪರ್ಸ್‌ನಲ್ಲಿ ಮತ್ತು ಫೋನಿನ ಲಾಕ್‌ಸ್ಕ್ರೀನ್ ಮೇಲೆ ಇಡಿ. ಕನ್ನಡದಲ್ಲಿ ಹೀಗಿರಲಿ, ಹಿಂಬದಿಯಲ್ಲಿ ಇಂಗ್ಲಿಷ್‌ನಲ್ಲಿ ಇದೇ ಮಾತು:

'ನನಗೆ ಟಿ-4 ಬೆನ್ನುಹುರಿ ಪೆಟ್ಟಾಗಿದೆ. ನನ್ನ ಮಾಮೂಲಿ ಬಿಪಿ 100/60. ತಲೆನೋವು, ಬೆವರಿನೊಂದಿಗೆ ಬಿಪಿ ಏರಿದರೆ ಅದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಇರಬಹುದು. ನನ್ನನ್ನು ಮಲಗಿಸಬೇಡಿ, ಕೂರಿಸಿ. ಬಟ್ಟೆ ಸಡಿಲಿಸಿ. ಮೊದಲು ಮೂತ್ರದ ನಳಿಕೆ ನೋಡಿ, ಆಮೇಲೆ ಮಲ, ಆಮೇಲೆ ಚರ್ಮ. 2ರಿಂದ 5 ನಿಮಿಷಕ್ಕೊಮ್ಮೆ ಬಿಪಿ ನೋಡಿ.'

ಪೆಟ್ಟಿನ ಮಟ್ಟ ಮತ್ತು ಮಾಮೂಲಿ ಬಿಪಿಯ ಅಂಕಿಯನ್ನು ನಿಮ್ಮವರದ್ದಕ್ಕೆ ಬದಲಿಸಿಕೊಳ್ಳಿ. ಆ ಅಂಕಿ ಸಿಗಬೇಕಾದರೆ ಆರಾಮವಾಗಿರುವ ದಿನಗಳಲ್ಲಿ, ಒಂದು ವಾರ, ಕೂತಾಗ ಒಮ್ಮೆ ಮಲಗಿದಾಗ ಒಮ್ಮೆ ಬಿಪಿ ನೋಡಿ ಬರೆದಿಡಬೇಕು.